ಮೂರರ ಆಸೆಗೆ ಹದಿನಾರು ಹೋದಾಗ

ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ, ಅಂಕಿಗಳನ್ನೂ ಲೆಕ್ಕಕ್ಕೆ ಸುಲಭವಾಗುವಂತೆ ಮಾಡಿಕೊಂಡಿದ್ದೇನೆ. ಹಣದ ವಿಷಯದಲ್ಲಿ ಸಲಹೆ ಕೇಳಿ ನನ್ನ ಬಳಿ ಬಂದವರು ನಲವತ್ತು ದಾಟಿದವರು. ನಿದ್ದೆ ಇಲ್ಲ, ಹೆಂಡತಿಗೆ ವಿಷಯ ಹೇಳಿಲ್ಲ.

ಒಂದು ಕಂಪನಿಯ ಷೇರು 35ರಲ್ಲಿತ್ತು. ಇನ್ನೊಂದು ಕಂಪನಿ ಅದನ್ನು ಷೇರಿಗೆ 50ರಂತೆ ನಗದು ಕೊಟ್ಟು ಕೊಳ್ಳುವುದಾಗಿ ಘೋಷಿಸಿದ ತಕ್ಷಣ ಬೆಲೆ 47ಕ್ಕೆ ಹಾರಿತು. ಇವರು ಆಗ ಕೊಂಡರು. ಕೆಲವು ತಿಂಗಳು ಸುಮ್ನೆ ಕಾದರೆ 3 ಲಾಭ, ಬ್ಯಾಂಕ್ ಠೇವಣಿ ಇದ್ದ ಹಾಗೆ ಅಂದುಕೊಂಡರಂತೆ.

ಆ 3 ಯಾಕೆ ಬಾಕಿ ಇತ್ತು ಎಂದು ಕೇಳಿದೆ. ಉತ್ತರ ಇರಲಿಲ್ಲ. ಡೀಲ್ ಆದರೆ 3 ಬರುತ್ತದೆ, ಮುರಿದು ಬೆಲೆ ಹಳೆಯ 35ಕ್ಕೆ ಹೋದರೆ 12 ಹೋಗುತ್ತದೆ. ಅಂದರೆ 47ಕ್ಕೆ ಕೊಂಡವರಿಗೆ ಐದರಲ್ಲಿ ನಾಲ್ಕು ಸಲ ಡೀಲ್ ಆದರೂ ಕೈಗೆ ಬರುವುದು ಸೊನ್ನೆ.

ಮುಂದಿನದು ಇನ್ನೂ ಕೆಟ್ಟದ್ದು. ಸ್ಪರ್ಧೆಯ ಮೇಲೆ ಕಣ್ಣಿಡುವ ನಿಯಂತ್ರಕರು ಹೆಚ್ಚಿನ ಮಾಹಿತಿ ಕೇಳಿದರು, ಬೆಲೆ 44ಕ್ಕೆ ಇಳಿಯಿತು. ಡೀಲ್ ಆದರೆ 6 ಬರುತ್ತದೆ, ಮುರಿದರೆ 9 ಹೋಗುತ್ತದೆ ಎಂದು ಅದೇ ಲೆಕ್ಕ ಹಾಕಿದರೆ ಮಾರುಕಟ್ಟೆ ಈಗ ಡೀಲ್ ಆಗುವ ಸಾಧ್ಯತೆಯನ್ನು ಶೇ. 80ರಿಂದ ಶೇ. 60ಕ್ಕೆ ಇಳಿಸಿತ್ತು. ಇವರಿಗೆ ಅದು ಅಗ್ಗವಾಗಿ ಕಂಡಿತು, ಅಷ್ಟೇ ಷೇರು ಮತ್ತೆ ಕೊಂಡರು. ಒಟ್ಟು ಉಳಿತಾಯದ ಶೇ. 60 ಇದರಲ್ಲೇ ಸೇರಿತು.

ಡೀಲ್ ಮುರಿಯಿತು. ಮರುದಿನ ವಹಿವಾಟು ಶುರುವಾಗಿದ್ದೇ 31ಕ್ಕೆ. ಬೆಲೆ 40ಕ್ಕೆ ಇಳಿದರೆ ತಾನಾಗಿ ಮಾರಲಿ ಎಂದು ಇಟ್ಟಿದ್ದ ಸ್ಟಾಪ್ ಲಾಸ್ ಕೂಡ ಮಾರಿದ್ದು 31ಕ್ಕೇ, ಅದೂ ಅರ್ಧ ಷೇರಿಗೆ ಮಾತ್ರ ಹಾಕಿದ್ದರು. ಮಧ್ಯದಲ್ಲಿ ಕೊಳ್ಳುವವರೇ ಇರಲಿಲ್ಲ ಅಲ್ವಾ? ಇನ್ನು 35 ಅನ್ನುವ ನೆಲವೂ ಗಟ್ಟಿಯಲ್ಲ, ಡೀಲ್ ನಡೆಯುವಾಗಲೇ ಕಂಪನಿಯ ವ್ಯಾಪಾರ ಸೊರಗಿರಬಹುದು. 2024ರ ಜನವರಿಯಲ್ಲಿ ಜೆಟ್‌ಬ್ಲೂ ಸ್ಪಿರಿಟ್ ಏರ್‌ಲೈನ್ಸ್ ಅನ್ನು ಕೊಳ್ಳುವುದನ್ನು ಅಮೆರಿಕದ ನ್ಯಾಯಾಲಯ ತಡೆದ ದಿನ ಸ್ಪಿರಿಟ್ ಷೇರು ಹೆಚ್ಚೂಕಡಿಮೆ ಅರ್ಧಕ್ಕೆ ಬಿತ್ತು.

"47 ಬರೋವರೆಗೂ ಕಾಯ್ತೀನಿ ಸರ್" ಅಂದರು. ನಾನು ಹೇಳಿದ್ದು ಇಷ್ಟು: ನೀವು ಕೊಂಡಿದ್ದು 50ರ ಮಾತನ್ನು, ಆ ಮಾತು ಈಗಿಲ್ಲ. ಕೈಯಲ್ಲಿರುವುದು ನೀವು ಯಾವತ್ತೂ ಓದಿ ನೋಡದ ಕಂಪನಿ. ಇವತ್ತು ಹಣ ಕೈಯಲ್ಲಿದ್ದರೆ ಇದನ್ನು 31ಕ್ಕೆ ಕೊಳ್ಳುತ್ತಿದ್ರಾ? ಇಲ್ಲ ಅಂದರು. ಹಾಗಾದರೆ ಮಾರಿ ಅಂದೆ. ಡೀಲ್ ಮುರಿದದ್ದಕ್ಕೆ ಕೊಳ್ಳಬೇಕಿದ್ದ ಕಂಪನಿ ಕೊಡುವ ಶುಲ್ಕ ಬರುತ್ತದಲ್ಲ ಎಂದು ಕೇಳಿದರು. ಅದು ಬಂದರೂ ಕಂಪನಿಗೆ, ನಿಮ್ಮ ಖಾತೆಗಲ್ಲ.

ಮುಂದೆ ಇಂಥ ಡೀಲ್‌ಗೆ ಹಣ ಹಾಕಲೇಬೇಕೆಂದರೆ ಲಾಭದಿಂದಲ್ಲ, ನಷ್ಟದಿಂದ ಲೆಕ್ಕ ಶುರು ಮಾಡಿ ಎಂದೆ. ಮುರಿದರೆ ಮೂರನೇ ಒಂದು ಭಾಗ ಹೋಗುತ್ತದೆ ಎಂದಿಟ್ಟುಕೊಳ್ಳಿ. ಉಳಿತಾಯದ ಶೇ. 2 ಮಾತ್ರ ಕಳೆದುಕೊಳ್ಳಲು ತಯಾರಿದ್ದರೆ ಶೇ. 6ಕ್ಕಿಂತ ಜಾಸ್ತಿ ಹಾಕುವಂತಿಲ್ಲ.

ಹೆಂಡತಿಗೆ ಅಂಕಿ ಸಮೇತ ಹೇಳಿ ಎಂದೂ ಹೇಳಿದ್ದೆ. ಮುಂದಿನ ವಾರ ಇಬ್ಬರೂ ಬಂದರು. ಉಳಿದ ಷೇರುಗಳಲ್ಲಿ ಸ್ವಲ್ಪ ಇನ್ನೂ ಇಟ್ಟುಕೊಂಡಿದ್ದರು, ನಾನೂ ಒತ್ತಾಯ ಮಾಡಲಿಲ್ಲ.