ಪಂಚಮಿ ರಜೆಗೆ ಇಬ್ಬರ ಅರ್ಜಿ: ಒಂದು ಆಪ್ತಸಲಹೆ ಪ್ರಕರಣ

ಕೊಪ್ಪಳದ ಒಂದು ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಒಬ್ಬರು ನನ್ನ ಬಳಿ ಬಂದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಶ್ರಾವಣ ಹತ್ತಿರ ಬಂದಾಗೆಲ್ಲ ಇಂಥ ಜಗಳ ನನ್ನ ಮುಂದೆ ಬರುತ್ತದೆ. ನಮ್ಮ ಕಡೆ ನಾಗರ ಪಂಚಮಿಗೆ ತವರಿಗೆ ಹೋಗದಿದ್ದರೆ ಹೆಣ್ಣುಮಕ್ಕಳಿಗೆ ಹಬ್ಬವೇ ಅಲ್ಲ, ಅಲ್ವಾ?

ಇವರೂ ಕಿರಿಯ ಸಹೋದ್ಯೋಗಿಯೂ ಒಂದೇ ದಿನಗಳಿಗೆ ರಜೆ ಕೇಳಿದ್ದರು. ಮೇಲಿನವರು ಎರಡೂ ಅರ್ಜಿ ವಾಪಸ್ ಕೊಟ್ಟಿದ್ದರು. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ.

"ನಾನೇ ಮೊದಲು ಹಾಕಿದ್ದು ಮೇಡಂ" ಎಂದರು.

"ಹಾಕೋ ಮುಂಚೆ ಆಕೆಗೆ ಹೇಳಿದ್ರಾ?"

"ಹೇಳಿದ್ರೆ ಅವಳೇ ಮೊದಲು ಹಾಕಿಬಿಡ್ತಿದ್ಲು."

ಆ ಮಾತಿನ ಮೇಲೆಯೇ ಉಳಿದ ಹೊತ್ತೆಲ್ಲ ಮಾತಾಡಿದೆವು. ಒಂದು ಹಾಳೆ ಕೊಟ್ಟು ಲೆಕ್ಕ ಬರೆಯಲು ಹೇಳಿದೆ. ಲ್ಯಾಬ್‌ನಲ್ಲಿ 4 ಜನ, ದಿನಕ್ಕೆ 3 ಪಾಳಿ. ಒಬ್ಬರು ರಜೆ ಹೋದರೆ ಉಳಿದ ಮೂವರು ವಾರದ ರಜೆ ಬಿಟ್ಟುಕೊಟ್ಟು ನಿಭಾಯಿಸಬಹುದು. ಇಬ್ಬರು ಹೋದರೆ ಉಳಿದಿಬ್ಬರಿಗೆ ತಲಾ 12 ತಾಸು ಕೆಲಸ. ಹಾಗೆ ದಣಿದವರ ಕೈಯಲ್ಲಿ ರೋಗಿಯ ರಕ್ತದ ಸ್ಯಾಂಪಲ್ ಇರುತ್ತದೆ. ಮೊದಲು ಯಾರು ಹಾಕಿದರು ಅನ್ನೋದರಿಂದ ಈ ಲೆಕ್ಕ ಬದಲಾಗೋದಿಲ್ಲ.

ಆಮೇಲೆ ಕೇಳಿದ್ದು, ಇದರಲ್ಲಿ ಸರಿಸಲು ಆಗದ ದಿನ ಯಾವುದು ಅಂತ. ಯೋಚಿಸಿ ಹೇಳಿದರು: ಬೆಂಗಳೂರಿನ ಅಣ್ಣ ಹಬ್ಬದ ನಂತರವೂ ಕೆಲ ದಿನ ಊರಲ್ಲೇ ಇರುತ್ತಾನೆ, ಅವನನ್ನು ನೋಡಿದರೆ ಸಾಕು. ಕಿರಿಯಳಿಗಾದರೆ ಅದು ಮದುವೆಯಾದ ಮೇಲಿನ ಮೊದಲ ಪಂಚಮಿ. ಹಾಲೆರೆಯುವ ದಿನ ಅವಳು ತವರಲ್ಲಿರಲೇಬೇಕು. ಅದು ಇವರಿಗೆ ಗೊತ್ತಿತ್ತು. ಆದರೆ ಅರ್ಜಿ ಬರೆಯುವಾಗ ನೆನಪಿಗೆ ಬಂದಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಅರ್ಜಿಗೆ ಮುಂಚೆ ನಾಲ್ವರೂ ಕೂತು ಮಾತಾಡಿ. ಬಿಡಲಾಗದ ದಿನವನ್ನೂ ಸರಿಸಬಹುದಾದ ದಿನವನ್ನೂ ಬೇರೆ ಬೇರೆ ಹೇಳಿ. ಕಾರಣ ಹೇಳಲೇಬೇಕು ಅಂತಿಲ್ಲ, ತಾರೀಖು ಹೇಳಿದರೆ ಸಾಕು. ವಾಪಸ್ ಬರುವ ದಿನವನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಪ್ಪಿದ ಅದಲುಬದಲನ್ನು ಅರ್ಜಿಯಲ್ಲೇ ಬರೆಯಿರಿ.

"ಇದು ಮೇಲಿನವರ ಕೆಲಸ, ನೌಕರರ ತಲೆಗೆ ಯಾಕೆ ಕಟ್ಟುತ್ತೀರಿ?" ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಮಂಜೂರು ಮಾಡುವುದು ಅವರ ಕೆಲಸವೇ. ಜನ ಕಡಿಮೆ ಇದ್ದರೆ ಅದಕ್ಕೂ ಅವರೇ ಹೊಣೆ. ಆದರೆ ಅವರ ಮೇಜಿಗೆ ಬರುವುದು ಬರೀ ಎರಡು ಹಾಳೆ. ಯಾವ ದಿನ ಸರಿಸಬಹುದು ಅನ್ನೋದು ಅದರಲ್ಲಿ ಇರುವುದಿಲ್ಲ. ಕಾಯಿಲೆ, ಸಾವಿನಂಥ ತುರ್ತು ರಜೆಗೆ ಇದು ಅನ್ವಯಿಸುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳುತ್ತೇನೆ.

ಕೊನೆಗೆ ಕಿರಿಯಳು ರೊಟ್ಟಿ ಹಬ್ಬಕ್ಕೆ, ಹಾಲೆರೆಯೋ ದಿನಕ್ಕೆ ರಜೆ ತೆಗೆದುಕೊಂಡಳು. ಮರುದಿನ ಮಧ್ಯಾಹ್ನ 2ರ ಪಾಳಿಗೆ ಬಂದಳು. ಅವತ್ತು ಬೆಳಗಿನ ಪಾಳಿ ಮುಗಿಸಿ ಇವರು ಊರಿನ ಬಸ್ ಹತ್ತಿದರು. ಮುಂದಿನ ವರ್ಷ ಪಂಚಮಿ ದಿನ ಇವರಿಗೆ ಎಂದು ನಾಲ್ವರೂ ಡ್ಯೂಟಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದ್ದಾರೆ.