ಫಾರ್ವರ್ಡ್ ಆದ ಫೋಟೋದಲ್ಲಿ ಏನು ಅಳಿಯುತ್ತದೆ, ಏನು ಉಳಿಯುತ್ತದೆ

ಪ್ರಶ್ನೆ: "ವಾಟ್ಸ್ಯಾಪ್‌ನಲ್ಲಿ ಬಂದ ಫೋಟೋ. ಒಬ್ಬರು ಹಿಡಿದಿರುವ ಫಲಕದ ಅಕ್ಷರ ಬದಲಿಸಿದ್ದಾರೆ ಅಂತ ಅನುಮಾನ. ಎಕ್ಸಿಫ್ ಖಾಲಿ ಇದೆ. ಇಎಲ್‌ಎ ಹಾಕಿದರೆ ಅಕ್ಷರಗಳೇ ಹೊಳೆಯುತ್ತಿವೆ. ತಿದ್ದಿದ್ದಾರೆ ಅಂತ ಹೇಳಬಹುದಾ?"

ಅಷ್ಟರಿಂದಲೇ ಹೇಳಲು ಆಗುವುದಿಲ್ಲ. ಇಎಲ್‌ಎ ಮಾಡುವುದು ಇಷ್ಟೇ: ಫೋಟೋವನ್ನು ಇನ್ನೊಮ್ಮೆ ಜೆಪೆಗ್ ಆಗಿ ಸೇವ್ ಮಾಡಿ, ಎಲ್ಲಿ ಎಷ್ಟು ಬದಲಾಯಿತು ಅಂತ ತೋರಿಸುತ್ತದೆ. ಬಿಳಿ ಮೇಲೆ ಕಪ್ಪು ಅಕ್ಷರ ಇದ್ದಲ್ಲಿ ಬದಲಾವಣೆ ಹೇಗೂ ಜಾಸ್ತಿ. ಅದೇ ಫೋಟೋದಲ್ಲಿ ಬೇರೆ ಬೋರ್ಡೋ ಚೌಕಳಿ ಅಂಗಿಯೋ ಇದ್ದರೆ ನೋಡಿ, ಅದೂ ಹೊಳೆಯುತ್ತಿರುತ್ತದೆ. ಎಕ್ಸಿಫ್ ಅಂದರೆ ಫೋಟೋ ಯಾವಾಗ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು ಅಂತ ಫೈಲ್‌ನೊಳಗೆ ಬರೆದಿರುವ ಮಾಹಿತಿ. ಅದು ಖಾಲಿ ಇರುವುದೂ ಸಾಕ್ಷಿಯಲ್ಲ. ಫೋಟೋ ಆಗಿ ಕಳಿಸಿದರೆ ಆ್ಯಪ್ಪೇ ಅದನ್ನು ತೆಗೆದುಹಾಕುತ್ತದೆ.

ನಿಜವಾದ ಪೆಟ್ಟು ಬೀಳುವುದು ಅಳತೆ ಕುಗ್ಗಿದಾಗ. 4000×3000 ಪಿಕ್ಸೆಲ್‌ನ ಫೋಟೋ 1600×1200 ಆಯಿತು ಅಂದುಕೊಳ್ಳಿ. ಸುಮಾರು 6 ಪಿಕ್ಸೆಲ್ ಸೇರಿ ಒಂದಾಗುತ್ತದೆ. ಜೆಪೆಗ್ ಚಿತ್ರವನ್ನು 8×8ರ ಚೌಕಗಳಾಗಿ ಕತ್ತರಿಸಿ ಕುಗ್ಗಿಸುತ್ತದೆ. ಹಳೆಯ ಚೌಕ ಈಗ 3.2 ಪಿಕ್ಸೆಲ್‌ಗೆ ಇಳಿದಿರುತ್ತದೆ, ಅದರ ಮೇಲೆ ಹೊಸ 8ರ ಚೌಕಗಳು ಕೂರುತ್ತವೆ. ತೇಪೆ ಹಾಕಿದ ಜಾಗಕ್ಕೂ ಉಳಿದ ಭಾಗಕ್ಕೂ ಇದ್ದ ವ್ಯತ್ಯಾಸ ಇಲ್ಲೇ ಕರಗಿಹೋಗುತ್ತದೆ. ಅಂದಹಾಗೆ, ಫಾರ್ವರ್ಡ್ ಬಟನ್ ಒತ್ತಿದರೆ ಸಾಮಾನ್ಯವಾಗಿ ಅದೇ ಫೈಲ್ ಹೋಗುತ್ತದೆ. ಗ್ಯಾಲರಿಯಿಂದ ಮತ್ತೆ ಕಳಿಸಿದಾಗ, ಸ್ಕ್ರೀನ್‌ಶಾಟ್ ತೆಗೆದಾಗ, ಬೇರೆ ಆ್ಯಪ್ ದಾಟಿದಾಗ ಚಿತ್ರ ಸವೆಯುತ್ತದೆ.

ಆದರೆ ನೇರ ಗೆರೆ ಕುಗ್ಗಿದರೂ ನೇರವಾಗೇ ಇರುತ್ತದೆ. ಹಾಗಾಗಿ ನಾನು ಮೊದಲು ನೋಡುವುದು ಗೆರೆಗಳನ್ನು. ಫಲಕ ಸ್ವಲ್ಪ ಪಕ್ಕಕ್ಕೆ ತಿರುಗಿದ್ದರೆ ಅದರ ಮೇಲಂಚು, ಕೆಳಂಚುಗಳನ್ನು ಗೆರೆ ಎಳೆದು ಮುಂದುವರಿಸಿ. ಎರಡೂ ಒಂದು ಕಡೆ ಸೇರುತ್ತವೆ. ಅಚ್ಚಾದ ಅಕ್ಷರಸಾಲಿನ ತಲೆಗೆರೆ, ಅಡಿಗೆರೆಗಳೂ ಹೆಚ್ಚುಕಡಿಮೆ ಅಲ್ಲೇ ಸೇರಬೇಕು. ಅವು ಸಮಾನಾಂತರವಾಗಿ ಎಲ್ಲೋ ಹೋದರೆ ಅನುಮಾನ ಗಟ್ಟಿ. ಕೈಬರಹಕ್ಕೆ, ಬಾಗಿದ ರಟ್ಟಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಫಲಕ ಕ್ಯಾಮೆರಾಗೆ ನೇರ ಎದುರಿಗಿದ್ದರೂ ಏನೂ ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ದಾರಿ ಇನ್ನೊಂದು ಪ್ರತಿ ಹುಡುಕುವುದು. ಗೂಗಲ್ ಲೆನ್ಸ್, ಯಾಂಡೆಕ್ಸ್, ಟಿನ್‌ಐ ಮೂರರಲ್ಲೂ ಹಾಕಿ ನೋಡಿ. ಇಡೀ ಫೋಟೋ ಸಿಗದಿದ್ದರೆ ಫಲಕ ಬಿಟ್ಟು ಹಿನ್ನೆಲೆ ಮಾತ್ರ ಕತ್ತರಿಸಿ ಹಾಕಿ. ಈ ಹುಡುಕಾಟ ಚಿತ್ರದ ಒಟ್ಟು ರೂಪ ನೋಡುವುದರಿಂದ ಕುಗ್ಗಿದ ಚಿತ್ರಕ್ಕೂ ಕೆಲಸ ಮಾಡುತ್ತದೆ. ಪ್ರತಿ ಸಿಕ್ಕಿದರೆ ಎರಡನ್ನೂ ಒಂದೇ ಅಳತೆಗೆ ತಂದು, ಗಿಂಪ್ ಅನ್ನುವ ಫೋಟೋ ತಿದ್ದುವ ತಂತ್ರಾಂಶದಲ್ಲಿ ಒಂದರ ಮೇಲೊಂದು ಇಟ್ಟು, ಮೇಲಿನ ಪದರವನ್ನು `Difference` ಮೋಡ್‌ಗೆ ಹಾಕಿ. ಕಂಪ್ರೆಷನ್‌ನ ವ್ಯತ್ಯಾಸ ಎಲ್ಲ ಗಡಿಗಳಲ್ಲೂ ತೆಳ್ಳಗೆ ಚೆಲ್ಲಿರುತ್ತದೆ. ಬದಲಿಸಿದ ಅಕ್ಷರ ಮಾತ್ರ ಪೂರ್ತಿ ಆಕಾರವಾಗಿ ಎದ್ದು ಕಾಣುತ್ತದೆ.

ಆಗಲೂ ಎರಡರಲ್ಲಿ ತಿದ್ದಿದ್ದು ಯಾವುದು ಅನ್ನುವ ಪ್ರಶ್ನೆ ಉಳಿಯುತ್ತದೆ ಅಲ್ವಾ? ಜಾಸ್ತಿ ಅಗಲ, ಜಾಸ್ತಿ ವಿವರ ಇರುವ ಪ್ರತಿ ಮೂಲಕ್ಕೆ ಹತ್ತಿರ ಇರುವ ಸಾಧ್ಯತೆ ಹೆಚ್ಚು. ಅದನ್ನು ಹಾಕಿದವರು ಸಿಕ್ಕರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ. ಹಾಗೆ ಬಂದ ಫೈಲ್‌ನಲ್ಲಿ ಎಕ್ಸಿಫ್ ಅಳಿಯುವುದಿಲ್ಲ.