ಊರ ಹೆಸರು ಬಿಟ್ಟು ರೋಗಿಯ ಪರಿಚಯ

ಪ್ರಶ್ನೆ: ನಾನು ಕಾರವಾರದಲ್ಲಿ ಮೆಡಿಸಿನ್ ವಿಭಾಗದ ಸೀನಿಯರ್ ರೆಸಿಡೆಂಟ್. ವಾರದ ಕ್ಲಿನಿಕಲ್ ಮೀಟಿಂಗ್‌ನಲ್ಲಿ ಕೇಸ್ ಹೇಳುವ ಪಿಜಿಯನ್ನು ಪರಿಚಯಿಸುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ರೋಗಿಯ ಬಗ್ಗೆ ಎಷ್ಟು ಹೇಳಬೇಕು, ಏನು ಬಿಡಬೇಕು? ಮುಂದಿನ ವಾರ ಜ್ವರ, ಕಾಮಾಲೆ ಎಂದು ಬಂದವರೊಬ್ಬರ ಕೇಸ್ ಇದೆ. ಕೊನೆಗೆ ಇಲಿ ಜ್ವರ ಎಂದು ಗೊತ್ತಾಯಿತು. ಅವರಿಗೆ ಕುಡಿಯುವ ಅಭ್ಯಾಸವೂ ಇದೆ.

ಉತ್ತರ: ಒಂದು ನಿಮಿಷ ಸಾಕು. ಅದರಲ್ಲಿ ಜಾಸ್ತಿ ಪಾಲು ಕೇಸ್ ಹೇಳುವವರದು, ರೋಗಿಗೆ ಎರಡೇ ವಾಕ್ಯ.

ಹೇಳುವವರ ಹೆಸರು, ಎಷ್ಟನೇ ವರ್ಷದ ಪಿಜಿ, ಯಾವ ಯೂನಿಟ್, ಮಾರ್ಗದರ್ಶಕರು ಯಾರು, ಈ ಕೇಸನ್ನೇ ಯಾಕೆ ಆರಿಸಿಕೊಂಡರು. ಇಷ್ಟನ್ನು ಹಿಂದಿನ ದಿನ ಸಂಜೆ ಅವರ ಹತ್ತಿರವೇ ಕೇಳಿ ಬರೆದುಕೊಳ್ಳಿ. ಹೆಸರನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸಿ ಕೇಳಿಸಿಕೊಳ್ಳಿ. ಬೇರೆ ರಾಜ್ಯದಿಂದ ಬಂದವರ ಹೆಸರು ನಮ್ಮ ಬಾಯಲ್ಲಿ ಸುಲಭವಾಗಿ ತಪ್ಪುತ್ತದೆ. ‘ಇವರಿಗೆ ಇದು ಮೊದಲ ಸಲ, ಸ್ವಲ್ಪ ಹೊಂದಿಸಿಕೊಳ್ಳಿ’ ಎನ್ನುವುದು ಬೇಡ. ಅದರ ಬದಲು ‘ಈ ರೋಗಿಯನ್ನು ಅಡ್ಮಿಟ್ ಆದ ರಾತ್ರಿಯಿಂದ ನೋಡಿಕೊಂಡವರು ಇವರೇ’ ಎಂದರೆ ಸಭೆ ತಾನಾಗಿ ಕಿವಿ ಕೊಡುತ್ತದೆ.

ಕಷ್ಟ ಇರುವುದು ರೋಗಿಯ ಆ ಎರಡು ವಾಕ್ಯದಲ್ಲಿ.

ಹೆಸರು ಬಿಟ್ಟರೆ ಗುರುತು ಮರೆಯಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ದೊಡ್ಡ ಪಟ್ಟಣದಲ್ಲಿ ಅದು ಸ್ವಲ್ಪ ಮಟ್ಟಿಗೆ ನಿಜ ಇರಬಹುದು, ನಮ್ಮ ಜಿಲ್ಲೆಯಲ್ಲಿ ಅಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಪರಿಚಯಿಸಿದವರು ರೋಗಿಯ ಹೆಸರು ಹೇಳಲೇ ಇಲ್ಲ. ಹೊಳೆದಂಡೆಯ ಒಂದು ಸಣ್ಣ ಊರಿನ ಹೆಸರು ಹೇಳಿ, ‘ಅಲ್ಲಿ ದೋಣಿ ರಿಪೇರಿ ಮಾಡುವವರು’ ಎಂದರು. ಆ ಊರಲ್ಲಿ ಆ ಕೆಲಸ ಮಾಡುವವರು ಒಬ್ಬರೇ. ಹಿಂದಿನ ಸಾಲಿನಲ್ಲಿ ಕೂತಿದ್ದ ಸಿಸ್ಟರ್ ಅದೇ ಊರಿನವರು. ಅವರು ತಟ್ಟನೆ ತಲೆ ತಗ್ಗಿಸಿ ಕೈಯಲ್ಲಿದ್ದ ರಿಜಿಸ್ಟರ್ ನೋಡತೊಡಗಿದರು. ತಮಗೆ ಬೇಡದ ಗುಟ್ಟೊಂದನ್ನು ಹೊತ್ತುಕೊಂಡು ಅವರು ಅವತ್ತು ಮನೆಗೆ ಹೋಗಬೇಕಾಯಿತು.

ಹಾಗಾಗಿ ಊರು, ಕೆಲಸ, ವಯಸ್ಸು, ಅಡ್ಮಿಟ್ ಆದ ತಾರೀಖು ಈ ನಾಲ್ಕನ್ನು ಒಟ್ಟಿಗೆ ಇಟ್ಟು ನೋಡಿ. ಒಂದೊಂದಾಗಿ ಯಾವುದೂ ಗುರುತು ಹೇಳುವುದಿಲ್ಲ, ಸೇರಿದರೆ ಹೇಳುತ್ತವೆ. ಶಿರಸಿ ಕಡೆಯ ಒಂದು ಹಳ್ಳಿಯ ಹೆಸರು ಹೇಳಿ ‘ಕೊನೆಗೌಡ, ಮರದಿಂದ ಬಿದ್ದರು’ ಎಂದರೆ ಯಾರು ಎಂದು ಅರ್ಧ ಸಭೆಗೆ ಗೊತ್ತಾಗಬಹುದು. ‘ಅಡಿಕೆ ಮರ ಹತ್ತುವ ಕೆಲಸದವರು’ ಎಂದರೆ ಬೆನ್ನುಮೂಳೆಗೆ ಪೆಟ್ಟು ಬಿದ್ದ ಬಗೆ ತಿಳಿಯುತ್ತದೆ, ಆಳು ತಿಳಿಯುವುದಿಲ್ಲ.

ತಾರೀಖಿಗೆ ಬದಲಾಗಿ ಕಾಯಿಲೆಯ ದಿನ ಹೇಳಿ. ನಿಮ್ಮ ಕೇಸಿನಲ್ಲಿ ವೈದ್ಯಕೀಯವಾಗಿಯೂ ಅದೇ ಬೇಕಾದದ್ದು. ಇಲಿ ಜ್ವರದ ಸೋಂಕು ತಗುಲಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ 5ರಿಂದ 14 ದಿನ ಬೇಕು. ಪ್ರತಿಕಾಯ ಹುಡುಕುವ ರಕ್ತ ಪರೀಕ್ಷೆ ಮೊದಲ ಕೆಲವು ದಿನ ನೆಗೆಟಿವ್ ಬರಬಹುದು. ‘ಜ್ವರದ ಮೂರನೇ ದಿನ ನೆಗೆಟಿವ್, ಎಂಟನೇ ದಿನ ಪಾಸಿಟಿವ್’ ಎಂದರೆ ಕಲಿಯುವವರಿಗೆ ಎಲ್ಲಾ ಸಿಕ್ಕಿತು. ಜುಲೈ ತಿಂಗಳ ಇಂಥ ಮಂಗಳವಾರ ಎಂದು ಹೇಳಿದರೆ ಆ ದಿನ ವಾರ್ಡಿನ ಹೊರಗೆ ಕೂತಿದ್ದ ನೆಂಟರಿಗೆ ಮಾತ್ರ ಉಪಯೋಗ.

ಈಗ ಕುಡಿತದ ವಿಷಯ. ‘ಕುಮಟಾ ಕಡೆಯ ಒಬ್ಬ ಕುಡುಕ, ಕಾಮಾಲೆ ಎಂದು ಬಂದಿದ್ದ’ ಎಂದು ನೀವು ಶುರು ಮಾಡಿದಿರಿ ಎಂದುಕೊಳ್ಳಿ. ಆ ಮನುಷ್ಯನ ಮರ್ಯಾದೆ ಹೋಯಿತು, ಜೊತೆಗೆ ಸಭೆಯ ಯೋಚನೆಯೂ ದಾರಿ ತಪ್ಪಿತು. ಕೇಳುವವರ ತಲೆಯಲ್ಲಿ ‘ಕುಡಿತದಿಂದ ಲಿವರ್ ಹಾಳಾಗಿದೆ’ ಎಂದು ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಕಣ್ಣು ಹಳದಿ ಜೊತೆಗೆ ಕೆಂಪಗೂ ಇದೆ, ಮೀನಖಂಡ ಒತ್ತಿದರೆ ಚೀರುವಷ್ಟು ನೋವಿದೆ ಎಂದು ಪಿಜಿ ಹೇಳುವಾಗ ಅದು ಯಾರ ಕಿವಿಗೂ ಬೀಳುವುದಿಲ್ಲ. ಇಲಿ ಜ್ವರದ ಸುಳಿವು ಇದ್ದದ್ದೇ ಆ ಎರಡು ಮಾತಿನಲ್ಲಿ, ಅಲ್ವಾ? ಕುಡಿತದ ಮಾತು ಮುಚ್ಚಿಡಬೇಕಾದದ್ದಲ್ಲ. ಅದರ ಜಾಗ ಹಿಸ್ಟರಿಯಲ್ಲಿ. ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ ಎಂದು ಪಿಜಿ ಲೆಕ್ಕ ಸಮೇತ ಹೇಳಲಿ.

ಹಾಗೇ ರೋಗದ ಹೆಸರನ್ನೂ ನೀವು ಹೇಳಬೇಡಿ. ಹೇಳಿದರೆ ಪಿಜಿ ಮಾಡುವ ಕೆಲಸವನ್ನೇ ಕಿತ್ತುಕೊಂಡಂತೆ. ನೋಟಿಸ್‌ನಲ್ಲೂ ‘ಜ್ವರ, ಕಾಮಾಲೆ, ಮೂತ್ರ ಕಡಿಮೆ’ ಎಂದಷ್ಟೇ ಇರಲಿ. ನಿಮ್ಮ ಪರಿಚಯ ಹೀಗಿರಬಹುದು:

‘ಎಲ್ಲರಿಗೂ ನಮಸ್ಕಾರ. ಇಂದು ಕೇಸ್ ಹೇಳುವವರು ಎರಡನೇ ಯೂನಿಟ್‌ನ ಎರಡನೇ ವರ್ಷದ ಪಿಜಿ, ಡಾಕ್ಟರ್ ಇಂಥವರು. ಮಾರ್ಗದರ್ಶಕರು ಇಂಥವರು. ನಲವತ್ತು ದಾಟಿದ, ಹೊಲಗದ್ದೆ ಕೆಲಸದ ಒಬ್ಬರು ಆರು ದಿನದ ಜ್ವರ, ಎರಡು ದಿನದ ಕಾಮಾಲೆ, ಮೂತ್ರ ಕಡಿಮೆ ಎಂದು ನಮ್ಮಲ್ಲಿಗೆ ಬಂದರು. ಈಗ ಗುಣವಾಗಿ ಮನೆಗೆ ಹೋಗಿದ್ದಾರೆ. ಕಾಮಾಲೆ ಜೊತೆ ಕಿಡ್ನಿಯೂ ಸೋತಾಗ ಮೊದಲ ದಿನವೇ ಏನನ್ನು ನೋಡಬೇಕು ಎನ್ನುವುದಕ್ಕಾಗಿ ಇವರು ಈ ಕೇಸ್ ಆರಿಸಿದ್ದಾರೆ.’

ಮೀಟಿಂಗ್ ಇಂಗ್ಲಿಷಿನಲ್ಲಿ ನಡೆದರೂ ಅಳತೆ ಇದೇ. ಕನ್ನಡದಲ್ಲಿ ‘ಅವರು, ಬಂದರು’ ಎಂದಾಗ ಗೌರವ ತಾನಾಗಿ ಬರುತ್ತದೆ. ಇಂಗ್ಲಿಷಿಗೆ ಹೋದ ಕೂಡಲೇ ಅವರು ಬೆಡ್ ನಂಬರ್ ಆಗುತ್ತಾರೆ, ಅಷ್ಟನ್ನು ಗಮನದಲ್ಲಿಡಿ. ಇನ್ನೊಂದು ಮಾತು ನಮ್ಮ ಕಾರವಾರದಲ್ಲಿ ಪದೇ ಪದೇ ಕೇಳುತ್ತೇನೆ: ‘ರೋಗಿ ಹಿಸ್ಟರಿ ಸರಿಯಾಗಿ ಹೇಳಲಿಲ್ಲ.’ ಅವರು ಕೊಂಕಣಿಯಲ್ಲಿ ಸರಿಯಾಗಿಯೇ ಹೇಳಿರುತ್ತಾರೆ, ಕೇಳಿದವರಿಗೆ ಕೊಂಕಣಿ ಬರುತ್ತಿರಲಿಲ್ಲ. ‘ಹಿಸ್ಟರಿಯನ್ನು ಕೊಂಕಣಿ ಬಲ್ಲ ಸಿಸ್ಟರ್ ಮೂಲಕ ಪಡೆದದ್ದು’ ಎಂದರೆ ಅದೇ ಪೂರ್ತಿ ನಿಜ. ಆ ಹಿಸ್ಟರಿಯನ್ನು ಎಷ್ಟು ನಂಬಬಹುದು ಎಂಬ ಅಂದಾಜೂ ಕೇಳುವವರಿಗೆ ಸಿಗುತ್ತದೆ.

ಕಾನೂನಿನ ಕಡೆಯಿಂದಲೂ ಒಂದು ಮಾತು. ವೈದ್ಯರ ನಡತೆಯ 2002ರ ನಿಯಮಾವಳಿ, ವೃತ್ತಿಯಲ್ಲಿ ತಿಳಿದ ರೋಗಿಯ ಗುಟ್ಟನ್ನು ಹೊರಗೆಡಹಬಾರದು ಎನ್ನುತ್ತದೆ. ಕೋರ್ಟ್ ಆದೇಶದಂಥ ಕೆಲವೇ ವಿನಾಯಿತಿಗಳಿವೆ. ಎಚ್‌ಐವಿ ಇದ್ದವರ ಕೇಸ್ ಆದರೆ 2017ರ ಕಾಯ್ದೆ ಇನ್ನೂ ಬಿಗಿ. ಅಂಥ ಕೇಸಿನ ಪರಿಚಯದಲ್ಲಿ ಆ ವಿಷಯ ಬರಲೇಬಾರದು.

ಮಾತಿನಲ್ಲಿ ಎಲ್ಲಾ ಸರಿಯಾಗಿದ್ದು ಸ್ಲೈಡಿನಲ್ಲಿ ಗುರುತು ಬಿಟ್ಟುಕೊಡುವುದೂ ಇದೆ. ಎಕ್ಸ್‌ರೇ ಮೂಲೆಯಲ್ಲಿ ಹೆಸರು, ಇಸಿಜಿ ಹಾಳೆಯ ನೆತ್ತಿಯಲ್ಲಿ ಪೆನ್ನಿನಿಂದ ಬರೆದ ಒಪಿಡಿ ನಂಬರ್, ಲ್ಯಾಬ್ ರಿಪೋರ್ಟಿನ ಫೋಟೋದಲ್ಲಿ ಗಂಡನ ಹೆಸರು. ಮೇಲೊಂದು ಕಪ್ಪು ಚೌಕ ಇಟ್ಟರೆ ಸಾಲದು, ಫೈಲ್ ಹಂಚಿದಾಗ ಯಾರಾದರೂ ಅದನ್ನು ಸರಿಸಿ ನೋಡಬಹುದು. ಚಿತ್ರವನ್ನೇ ಕತ್ತರಿಸಿ, ಹೊಸದಾಗಿ ಸೇವ್ ಮಾಡಿಸಿ, ಆಮೇಲೆ ಸ್ಲೈಡಿಗೆ ಹಾಕಿಸಿ. ಹಿಂದಿನ ದಿನ ಸಂಜೆ ಪಿಜಿ ಜೊತೆ ಕೂತಾಗ ಇದನ್ನೂ ಮುಗಿಸಿಕೊಳ್ಳಬಹುದು.

ಇಷ್ಟಾದರೂ ಮಾತಿನ ಭರದಲ್ಲಿ ಪಿಜಿಯ ಬಾಯಿಂದ ಹೆಸರು ಜಾರಿದರೆ ಅಲ್ಲೇ ಗದರಬೇಡಿ. ಗದರಿದರೆ ಕೇಳಿಸದೇ ಇದ್ದವರಿಗೂ ಕೇಳಿಸುತ್ತದೆ. ಸುಮ್ನೆ ‘ಮುಂದಿನ ಸ್ಲೈಡ್’ ಎನ್ನಿ. ಮೀಟಿಂಗ್ ಮುಗಿದ ಮೇಲೆ ಅವರನ್ನು ಪಕ್ಕಕ್ಕೆ ಕರೆದು ಹೇಳಿ, ರೆಕಾರ್ಡಿಂಗ್ ಇದ್ದರೆ ಆ ತುಣುಕನ್ನು ಅವತ್ತೇ ತೆಗೆಸಿ.